ಹತ್ತು ದಿನದಲ್ಲಿ ಎಷ್ಟು ಹೋಗಬಹುದು? ಐದು ಲಕ್ಷದ ಷೇರಿಗೆ ಶೇ 95ರ ವಿಎಆರ್ ಲೆಕ್ಕ

ಭಾವ ಭಾನುವಾರ ಬೆಳಿಗ್ಗೆ ಫೋನ್ ಮಾಡಿದರು. ಎರಡು ವಾರ ಬಿಟ್ಟು ಸೈಟಿನ ರಿಜಿಸ್ಟ್ರೇಷನ್ ಇದೆ, ಅದಕ್ಕೆ ಅವರ ಪಾಲಿಂದ 4,65,000 ರೂಪಾಯಿ ಬೇಕು. ಷೇರಿನಲ್ಲಿ ಸರಿಯಾಗಿ ಐದು ಲಕ್ಷ ಇದೆ. "ಈಗಲೇ ಮಾರಿಬಿಡ್ಲಾ, ಇನ್ನೊಂದೆರಡು ವಾರ ಕಾಯ್ಲಾ? ಕಾದ್ರೆ ಟ್ಯಾಕ್ಸ್ ಉಳಿಯುತ್ತೆ ಕಣೋ" ಅಂದರು.

ಟ್ಯಾಕ್ಸಿನ ಮಾತು ನಿಜ. ಷೇರು ತಗೊಂಡು ಇನ್ನೇನು ಒಂದು ವರ್ಷ ತುಂಬುತ್ತಾ ಇದೆ. ಒಟ್ಟು ಲಾಭ 60,000. 2024ರ ಜುಲೈ 23ರ ನಂತರದ ನಿಯಮದಲ್ಲಿ ವರ್ಷ ತುಂಬುವ ಮುಂಚೆ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ, ಅಂದರೆ 12,000. ವರ್ಷ ದಾಟಿದ ಮೇಲೆ ಮಾರಿದರೆ ಆ ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ. ಸೆಸ್, ಬ್ರೋಕರೇಜ್ ಎಲ್ಲ ಇಲ್ಲಿ ಬಿಟ್ಟಿದ್ದೇನೆ.

ಹಾಗಾದರೆ ಒಂದು ಕಡೆ ಖಚಿತವಾಗಿ ಉಳಿಯುವ 12,000 ಇದೆ. ಇನ್ನೊಂದು ಕಡೆ ಆ ಹತ್ತು ವಹಿವಾಟಿನ ದಿನಗಳಲ್ಲಿ ಮಾರುಕಟ್ಟೆ ಬಿದ್ದರೆ ಹೋಗುವ ದುಡ್ಡು. ಅದು ಎಷ್ಟು ಅಂತ ಗೊತ್ತಾಗದೆ ಎರಡನ್ನೂ ತೂಗೋಕೆ ಆಗಲ್ಲ ಅಲ್ವಾ? ಆ ಎರಡನೇ ಸಂಖ್ಯೆಯೇ ವ್ಯಾಲ್ಯೂ ಅಟ್ ರಿಸ್ಕ್, ಚಿಕ್ಕದಾಗಿ ವಿಎಆರ್. ಅದನ್ನು ಪ್ಯಾರಾಮೆಟ್ರಿಕ್ ವಿಧಾನದಲ್ಲಿ, ಅಂದರೆ ಬೆಲೆಯ ಬದಲಾವಣೆ ಗಂಟೆ ಆಕಾರದ ನಾರ್ಮಲ್ ಕರ್ವ್‌ನಂತೆ ಇರುತ್ತೆ ಅಂತ ಹಿಡಿದು, ಸ್ಪ್ರೆಡ್‌ಶೀಟ್‌ನಲ್ಲೇ ಹೇಗೆ ಹಾಕೋದು ಅಂತ ಭಾವನ ಲೆಕ್ಕವನ್ನೇ ಇಟ್ಟುಕೊಂಡು ಹೇಳ್ತೀನಿ. ಕಂಪನಿ ಹೆಸರು ಬೇಡ. ಸಂಖ್ಯೆಗಳನ್ನು ಓದೋಕೆ ಸುಲಭ ಆಗಲಿ ಅಂತ ದುಂಡಗೆ ಮಾಡಿದ್ದೇನೆ.

ಮೊದಲು ವಾಕ್ಯ ಸರಿಯಾಗಿರಲಿ

ಕೊನೆಗೆ ನಮಗೆ ಬರುವ ಉತ್ತರ ಹೀಗಿರುತ್ತೆ: "ಮುಂದಿನ ಹತ್ತು ವಹಿವಾಟಿನ ದಿನಗಳಲ್ಲಿ ನಷ್ಟ ಇಷ್ಟು ರೂಪಾಯಿ ದಾಟದೇ ಇರುವ ಸಾಧ್ಯತೆ ಶೇ 95." ಇದನ್ನು ತಿರುಗಿಸಿ ಓದಿ. ಇಂಥ ಇಪ್ಪತ್ತು ಅವಧಿ ತಗೊಂಡರೆ ಸುಮಾರು ಒಂದರಲ್ಲಿ ನಷ್ಟ ಅದನ್ನು ದಾಟುತ್ತೆ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನ, ಅಂದರೆ 25 ಹತ್ತು-ದಿನದ ತುಂಡು. ಹಾಗಾಗಿ ಎಲ್ಲ ಸರಿಯಾಗಿದ್ದರೂ ವರ್ಷಕ್ಕೊಮ್ಮೆ ಆ ಗೆರೆ ದಾಟೋದು ಸಹಜ. ವಿಎಆರ್ ಅಂದರೆ "ಇದಕ್ಕಿಂತ ಜಾಸ್ತಿ ಹೋಗಲ್ಲ" ಅನ್ನುವ ಗ್ಯಾರಂಟಿ ಅಲ್ಲ. ಇದನ್ನು ಭಾವನಿಗೆ ಮೂರು ಸಲ ಹೇಳಬೇಕಾಯಿತು.

ಹತ್ತು ದಿನ ಅಂದರೆ ಮಾರುಕಟ್ಟೆ ತೆರೆದಿರುವ ಹತ್ತು ದಿನ. ಶನಿವಾರ, ಭಾನುವಾರ ಸೇರಿಸಿದರೆ ಎರಡು ವಾರ. ಮಾರಿದ ದುಡ್ಡು ನಮ್ಮಲ್ಲಿ ಮಾರನೇ ಕೆಲಸದ ದಿನ ಬರುತ್ತೆ, ಹಾಗಾಗಿ ಆ ಒಂದು ದಿನವನ್ನೂ ಲೆಕ್ಕದಲ್ಲಿಡಿ. ಭಾವನ ರಿಜಿಸ್ಟ್ರೇಷನ್ ಹನ್ನೊಂದನೇ ದಿನ ಇದ್ದಿದ್ದರಿಂದ ಹತ್ತು ದಿನದ ಲೆಕ್ಕ ಸರಿಯಾಗಿ ಕೂತಿತು. ನಿಮ್ಮದು ಆರು ದಿನ ಇದ್ದರೆ ಕೆಳಗೆ 10 ಇರುವ ಕಡೆ 6 ಹಾಕಿ.

ಬೆಲೆ ತರೋದು, ಮತ್ತು ಅಲ್ಲೇ ಆಗುವ ಎರಡು ತಪ್ಪು

ಭಾವನ ಹತ್ತಿರ ಮೂರು ಷೇರು ಇದೆ. ಐಟಿ ಕಂಪನಿಯದು 2,00,000, ಖಾಸಗಿ ಬ್ಯಾಂಕಿನದು 2,00,000, ಸೋಪು-ಬಿಸ್ಕತ್ತು ಮಾರುವ ಕಂಪನಿಯದು 1,00,000. ಮೂರಕ್ಕೂ ಕಳೆದ 251 ದಿನಗಳ ಮುಕ್ತಾಯದ ಬೆಲೆ ಬೇಕು. 251 ಬೆಲೆಯಿಂದ 250 ಬದಲಾವಣೆ ಸಿಗುತ್ತೆ. ಗೂಗಲ್ ಶೀಟ್ಸ್‌ನಲ್ಲಿ ಹೀಗೆ ತರಬಹುದು, ನಿಮ್ಮ ಷೇರಿನ ಸಂಕೇತ ಹಾಕಿ, 251 ಬೆಲೆ ಸಿಗುವ ಹಾಗೆ ದಿನಾಂಕ ಬದಲಿಸಿಕೊಳ್ಳಿ:

```
=GOOGLEFINANCE("NSE:INFY","close",DATE(2024,1,1),DATE(2024,12,31),"DAILY")
```

A ಕಾಲಂನಲ್ಲಿ ದಿನಾಂಕ, B, C, D ಯಲ್ಲಿ ಮೂರು ಬೆಲೆ. ಎರಡನೇ ಸಾಲಿನಿಂದ ಬೆಲೆ ಶುರು. E, F, G ಯಲ್ಲಿ ಮೂರನೇ ಸಾಲಿನಿಂದ ದಿನದ ಬದಲಾವಣೆ:

```
=B3/B2-1
```

ಕೆಲವರು ಇಲ್ಲಿ ಲಾಗ್ ಹಾಕ್ತಾರೆ. ಹಲವು ಷೇರು ಸೇರಿಸಿ ನೋಡುವಾಗ ಈ ಸಾದಾ ಶೇಕಡಾವಾರು ಬದಲಾವಣೆಯೇ ಒಳ್ಳೆಯದು. ಒಂದೊಂದು ಷೇರಿನ ರೂಪಾಯಿ ನಷ್ಟವನ್ನು ಕೂಡಿದರೆ ಒಟ್ಟು ನಷ್ಟ ಸರಿಯಾಗಿ ಬರುತ್ತೆ, ಲಾಗ್‌ನಲ್ಲಿ ಅದು ಹಾಗೆ ಕೂಡಲ್ಲ.

ಈಗ ಮೊದಲ ತಪ್ಪು. ಬೋನಸ್ ಅಥವಾ ಸ್ಪ್ಲಿಟ್. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಅಂಥ ದಿನ ಬೆಲೆ ಅರ್ಧಕ್ಕೆ ಇಳಿಯುತ್ತೆ, ಷೇರಿನ ಸಂಖ್ಯೆ ಎರಡು ಪಟ್ಟಾಗುತ್ತೆ, ಕೈಯಲ್ಲಿರುವ ಹಣ ಹಾಗೇ ಇರುತ್ತೆ. ಆದರೆ ಎಕ್ಸ್‌ಚೇಂಜಿನ ದಿನದ ಬೆಲೆಪಟ್ಟಿಯಿಂದ, ಅಂದರೆ ಭಾವ್‌ಕಾಪಿಯಿಂದ, ಬೆಲೆ ಎತ್ತಿಕೊಂಡಿದ್ದರೆ ಹಾಳೆಗೆ ಇದೆಲ್ಲ ಗೊತ್ತಾಗಲ್ಲ. ಅದಕ್ಕೆ ಒಂದೇ ದಿನ ಶೇ 50 ಕುಸಿದ ಹಾಗೆ ಕಾಣುತ್ತೆ. ದಿನಕ್ಕೆ ಶೇ 1.6 ಏರಿಳಿತ ಇರುವ ಷೇರಿನ 250 ಸಾಲಿನಲ್ಲಿ ಇಂಥ ಒಂದೇ ಒಂದು ಸಾಲು ಸೇರಿಕೊಂಡರೆ ಆ 1.6 ಸುಮಾರು 3.5 ಆಗಿಬಿಡುತ್ತೆ. ವಿಎಆರ್ ಎರಡು ಪಟ್ಟಿಗಿಂತ ಜಾಸ್ತಿ! ಬದಲಾವಣೆಯ ಪ್ರತಿ ಕಾಲಂನ ಅತಿ ಚಿಕ್ಕ ಸಂಖ್ಯೆ ನೋಡಿ. ಅದು ಶೇ -50, -80 ಅಥವಾ -90ರ ಹತ್ತಿರ ಇದ್ದರೆ ಕಂಪನಿಯ ಪ್ರಕಟಣೆ ಹುಡುಕಿ, ಆ ದಿನಕ್ಕಿಂತ ಹಿಂದಿನ ಎಲ್ಲ ಬೆಲೆಯನ್ನೂ ಅದೇ ಪ್ರಮಾಣದಲ್ಲಿ ಭಾಗಿಸಿ.

ಎರಡನೇ ತಪ್ಪು ಇನ್ನೂ ಕೆಟ್ಟದ್ದು, ಯಾಕಂದ್ರೆ ಅದು ವಿಎಆರ್ ಅನ್ನು ಕಡಿಮೆ ತೋರಿಸುತ್ತೆ. ದಿನಾಂಕ ಜಾರೋದು. ದೀಪಾವಳಿಯ ಮುಹೂರ್ತ ವಹಿವಾಟಿನ ಸಾಲು ಒಂದು ಷೇರಿಗೆ ಬಂದು ಇನ್ನೊಂದಕ್ಕೆ ಬರದೇ ಇದ್ದರೆ, ಅಲ್ಲಿಂದ ಕೆಳಗೆ ಎಲ್ಲ ಒಂದೊಂದು ಸಾಲು ಪಕ್ಕಕ್ಕೆ ಹೋಗುತ್ತೆ. ಸೋಮವಾರದ ಬ್ಯಾಂಕ್ ಷೇರನ್ನು ಮಂಗಳವಾರದ ಐಟಿ ಷೇರಿನ ಜೊತೆ ಹೋಲಿಸಿದ ಹಾಗೆ. ಎರಡೂ ಒಟ್ಟಿಗೆ ಬೀಳುವುದೇ ಇಲ್ಲ ಅನ್ನುವ ಭ್ರಮೆ ಬರುತ್ತೆ. ಹೇಗೆ ಗೊತ್ತಾಗುತ್ತೆ ಅಂತ ಕೋರಿಲೇಷನ್ ಬಂದಾಗ ಹೇಳ್ತೀನಿ.

ಒಂದೊಂದು ಷೇರು ದಿನಕ್ಕೆ ಎಷ್ಟು ಅಲುಗಾಡುತ್ತೆ

ಇದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಸಾಕು.

```
=STDEV.S(E3:E252)
```

ನಮಗೆ ಬಂದಿದ್ದು ಐಟಿಗೆ ಶೇ 1.6, ಬ್ಯಾಂಕಿಗೆ ಶೇ 1.4, ಸೋಪು-ಬಿಸ್ಕತ್ತಿಗೆ ಶೇ 1.2. ಇದನ್ನು ತಕ್ಷಣ ರೂಪಾಯಿಗೆ ಇಳಿಸಿಬಿಡಿ, ಶೇಕಡಾದಲ್ಲೇ ಓಡಾಡಿದರೆ ತಲೆ ಕೆಡುತ್ತೆ. ಎರಡು ಲಕ್ಷಕ್ಕೆ ಶೇ 1.6 ಅಂದರೆ 3,200. ಬ್ಯಾಂಕಿಗೆ 2,800. ಕೊನೆಯದಕ್ಕೆ 1,200.

ಬೆಲೆಯ ಕಾಲಂಗೇ ಈ ಫಾರ್ಮುಲಾ ಹಾಕಿಬಿಡುವವರು ತುಂಬಾ ಜನ. ಆಗ ಬರುವ ಸಂಖ್ಯೆ ವರ್ಷಪೂರ್ತಿ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದರ ಅಳತೆ, ದಿನದ ಅಲುಗಾಟದ್ದಲ್ಲ. ದೊಡ್ಡ ಕಂಪನಿಯ ಷೇರಿಗೆ ಉತ್ತರ ಸಾಮಾನ್ಯವಾಗಿ ಶೇ 1ರಿಂದ 2ರ ಆಸುಪಾಸು ಇರುತ್ತೆ. 85 ಅಂತಲೋ 140 ಅಂತಲೋ ಬಂದರೆ ನೀವು ತಪ್ಪು ಕಾಲಂನಲ್ಲಿ ಇದ್ದೀರಿ.

ಸರಾಸರಿ ಲಾಭವನ್ನು ಬಿಟ್ಟುಬಿಡಿ

"ಷೇರು ವರ್ಷಕ್ಕೆ ಶೇ 12 ಆದ್ರೂ ಏರುತ್ತಲ್ಲ, ಅದನ್ನು ಕಳೀಬೇಕಲ್ವಾ?" ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಶೇ 12 ಅಂತ ಹಿಡಿದರೆ ಹತ್ತು ದಿನಕ್ಕೆ ಸುಮಾರು ಶೇ 0.48, ಅಂದರೆ 2,400 ರೂಪಾಯಿ. ಸಣ್ಣದೇನಲ್ಲ. ಆದರೆ ಆ 12 ಎಲ್ಲಿಂದ ಬಂತು? ಈ ಮೂರು ಷೇರಿನ ಒಟ್ಟು ಏರಿಳಿತ ವರ್ಷಕ್ಕೆ ಸುಮಾರು ಶೇ 17 ಇದೆ. ಒಂದೇ ವರ್ಷದ ಬೆಲೆ ನೋಡಿ ಸರಾಸರಿ ತೆಗೆದರೆ ಅದರಲ್ಲಿ ತಪ್ಪಿನ ಅಳತೆಯೂ ಅಷ್ಟೇ, ಹೆಚ್ಚುಕಡಿಮೆ ಶೇ 17. ಅಂದರೆ ನಿಜವಾದ ಸರಾಸರಿ ಶೇ 12 ಇರಬಹುದು, ಸೊನ್ನೆಯೂ ಇರಬಹುದು, ಹೇಳೋಕೆ ಆಗಲ್ಲ. ಅಷ್ಟು ಅಲ್ಲಾಡುವ ಸಂಖ್ಯೆಯನ್ನು ನಂಬಿ ರಿಸ್ಕ್ ಕಡಿಮೆ ತೋರಿಸೋದು ಸರಿಯಲ್ಲ. ಹತ್ತು ದಿನದ ಲೆಕ್ಕಕ್ಕೆ ಸೊನ್ನೆ ಅಂತ ಹಿಡಿಯಿರಿ. ವರ್ಷದ ಲೆಕ್ಕ ಆಗಿದ್ದರೆ ಮಾತು ಬೇರೆ.

ಒಟ್ಟಿಗೆ ಎಷ್ಟು ಬೀಳುತ್ತವೆ

3,200, 2,800, 1,200 ಮೂರನ್ನೂ ಸುಮ್ನೆ ಕೂಡಿದರೆ 7,200. ಅದು ಮೂರೂ ಷೇರು ಯಾವಾಗಲೂ ಒಂದೇ ತಾಳಕ್ಕೆ ಕುಣಿದರೆ ಮಾತ್ರ ಸರಿ. ಒಂದು ಬಿದ್ದ ದಿನ ಇನ್ನೊಂದು ಅಷ್ಟು ಬೀಳದೇ ಇರಬಹುದು, ಏರಿರಲೂಬಹುದು. ಎಷ್ಟು ಜೊತೆಜೊತೆಗೆ ಹೋಗುತ್ತವೆ ಅನ್ನೋದನ್ನು ಕೋರಿಲೇಷನ್ ಹೇಳುತ್ತೆ.

```
=CORREL(E3:E252,F3:F252)
```

ನಮಗೆ ಐಟಿ-ಬ್ಯಾಂಕ್ 0.35, ಐಟಿ-ಸೋಪು 0.20, ಬ್ಯಾಂಕ್-ಸೋಪು 0.30 ಬಂತು. ದಿನಾಂಕ ಜಾರಿದ್ದು ಗೊತ್ತಾಗೋದು ಇಲ್ಲೇ. ನಮ್ಮ ದೇಶದ ಎರಡು ದೊಡ್ಡ ಷೇರುಗಳ ನಡುವೆ 0.02 ಅಂತಲೋ -0.05 ಅಂತಲೋ ಬಂದರೆ ಖುಷಿ ಪಡಬೇಡಿ, ವಾಪಸ್ ಹೋಗಿ ದಿನಾಂಕದ ಕಾಲಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಡೀ ಮಾರುಕಟ್ಟೆ ಏರಿಳಿಯುವಾಗ ಎರಡೂ ಸ್ವಲ್ಪವಾದರೂ ಜೊತೆಗೆ ಹೋಗಲೇಬೇಕು.

ಈಗ ಸೇರಿಸುವ ಸೂತ್ರ. ನೋಡೋಕೆ ಉದ್ದ ಇದೆ, ಒಳಗೆ ಇರೋದು ಗುಣಾಕಾರ, ಕೂಡೋದು ಅಷ್ಟೇ. s ಅಂದರೆ ಪ್ರತಿ ಷೇರಿನ ದಿನದ ರೂಪಾಯಿ ಏರಿಳಿತ, ρ ಅಂದರೆ ಕೋರಿಲೇಷನ್, σp ಅಂದರೆ ಮೂರೂ ಸೇರಿದ ದಿನದ ಏರಿಳಿತ.

```
σp² = s1² + s2² + s3² + 2·ρ12·s1·s2 + 2·ρ13·s1·s3 + 2·ρ23·s2·s3
```

ಮೂರು ವರ್ಗಗಳನ್ನು ಕೂಡಿದರೆ 1,95,20,000. ಜೋಡಿಗಳ ಭಾಗ 62,72,000, 15,36,000 ಮತ್ತು 20,16,000. ಎಲ್ಲ ಸೇರಿ 2,93,44,000. ಇದರ ವರ್ಗಮೂಲ 5,417. ಅಂದರೆ ಭಾವನ ಐದು ಲಕ್ಷ ದಿನಕ್ಕೆ 5,417 ರೂಪಾಯಿ ಅಲುಗಾಡುತ್ತೆ, ಸುಮಾರು ಶೇ 1.08.

ಷೇರು ಹತ್ತೋ ಹದಿನೈದೋ ಇದ್ದರೆ ಈ ಸೂತ್ರ ಕೈಯಲ್ಲಿ ಬರೆಯೋಕೆ ಆಗಲ್ಲ. ಮ್ಯಾಟ್ರಿಕ್ಸ್ ಬಳಸಬಹುದು, ಆದರೆ ನನಗೆ ಅದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. J2ರಿಂದ L2ವರೆಗೆ ಇವತ್ತಿನ ರೂಪಾಯಿ ಮೊತ್ತ ಇಡಿ. H ಕಾಲಂನಲ್ಲಿ, ಇವತ್ತು ಕೈಯಲ್ಲಿರುವ ಇದೇ ಷೇರು ಆ ದಿನವೂ ಇದೇ ಮೊತ್ತದಲ್ಲಿ ಇದ್ದಿದ್ದರೆ ಎಷ್ಟು ಲಾಭ-ನಷ್ಟ ಆಗುತ್ತಿತ್ತು ಅಂತ ಲೆಕ್ಕ ಹಾಕಿ, ಆಮೇಲೆ ಆ ಕಾಲಂನ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ:

```
=SUMPRODUCT(E3:G3,$J$2:$L$2)
=STDEV.S(H3:H252)
```

ಉತ್ತರ ಮೇಲಿನ ಸೂತ್ರದ ಉತ್ತರವೇ, ಚೂರೂ ವ್ಯತ್ಯಾಸ ಇಲ್ಲ. ಎಲ್ಲ ಕೋರಿಲೇಷನ್‌ಗಳೂ ಈ ಒಂದು ಕಾಲಂನಲ್ಲೇ ಅಡಗಿರುತ್ತವೆ. ಎರಡೂ ದಾರಿಯಲ್ಲಿ ಮಾಡಿ ನೋಡಿ. ಎರಡು ಉತ್ತರ ಬೇರೆ ಬಂದರೆ ಎಲ್ಲೋ ಸಾಲು ತಪ್ಪಿದೆ.

ಹತ್ತು ದಿನಕ್ಕೆ, ಶೇ 95ಕ್ಕೆ

ಒಂದು ದಿನದ್ದನ್ನು ಹತ್ತರಿಂದ ಗುಣಿಸಬೇಡಿ. ಒಂದು ದಿನ ಬಿದ್ದರೆ ಮಾರನೇ ದಿನ ಏರಬಹುದು, ಒಂದನ್ನೊಂದು ಸ್ವಲ್ಪ ಅಳಿಸಿಕೊಳ್ಳುತ್ತವೆ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಂಡರೆ ಏರಿಳಿತ ದಿನಗಳ ವರ್ಗಮೂಲದ ಪ್ರಕಾರ ಬೆಳೆಯುತ್ತೆ. 10ರ ವರ್ಗಮೂಲ 3.162. ಹಾಗಾಗಿ 5,417 × 3.162 = ಸುಮಾರು 17,130.

ಇನ್ನು ಶೇ 95. ಗಂಟೆ ಆಕಾರದ ನಾರ್ಮಲ್ ಕರ್ವ್‌ನಲ್ಲಿ ಎಡಗಡೆ ಶೇ 5 ಮಾತ್ರ ಉಳಿಯಬೇಕಾದರೆ ನಡುವಿನಿಂದ 1.645 ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ ಹೋಗಬೇಕು. ಎಲ್ಲರ ಬಾಯಲ್ಲಿ ಇರುವ 1.96 ಎರಡೂ ಕಡೆ ಸೇರಿ ಶೇ 5 ಬಿಡುವ ಸಂಖ್ಯೆ, ನಮಗೆ ಬೀಳುವ ಕಡೆ ಮಾತ್ರ ಬೇಕು. 1.96 ಹಾಕಿದರೆ ನೀವು ಗೊತ್ತಿಲ್ಲದೇ ಶೇ 97.5ರ ಲೆಕ್ಕ ಮಾಡಿರ್ತೀರಿ.

```
=NORM.S.INV(0.95)*STDEV.S(H3:H252)*SQRT(10)
```

17,130 × 1.645 = ಸುಮಾರು 28,180, ದುಂಡಗೆ 28,200 ರೂಪಾಯಿ. ಐದು ಲಕ್ಷಕ್ಕೆ ಶೇ 5.6.

ಭಾವನ ಭಾಷೆಯಲ್ಲಿ ಹೇಳೋದಾದರೆ, ಕಾದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಕೈಯಲ್ಲಿ ಕನಿಷ್ಠ 4,71,800 ಇರುತ್ತೆ. ಬೇಕಾಗಿರೋದು 4,65,000. "ಹಾಗಾದ್ರೆ ಕಾಯೋಣ ಬಿಡು" ಅಂದರು. ನನಗೆ ಅಷ್ಟು ಬೇಗ ಒಪ್ಪೋಕೆ ಮನಸ್ಸಾಗಲಿಲ್ಲ. ಅಂತರ ಬರೀ 6,800, ಮತ್ತು ಆ 28,200ರ ಒಳಗೆ ಏನೇನು ಊಹೆ ಇದೆ ಅಂತ ನನಗೆ ಗೊತ್ತು.

28,200 ಎಷ್ಟು ಗಟ್ಟಿ?

ಮೊದಲನೆಯದಾಗಿ, ಅದೇ ಒಂದು ಅಂದಾಜು. 250 ದಿನದ ಬೆಲೆಯಿಂದ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ, ಎಲ್ಲ ನಾರ್ಮಲ್ ಆಗಿದ್ದರೂ, ಎರಡೂ ಕಡೆ ಸುಮಾರು ಶೇ 9ರಷ್ಟು ತಪ್ಪಿಗೆ ಜಾಗ ಇರುತ್ತೆ. ಹಾಗಾಗಿ ನಿಜವಾದ ಉತ್ತರ 25,700 ಇರಬಹುದು, 30,700 ಇರಬಹುದು. 28,176.49 ಅಂತ ಪೈಸೆ ಸಮೇತ ಬರೆಯೋದರಲ್ಲಿ ಅರ್ಥ ಇಲ್ಲ.

ಎರಡನೆಯದು ಪರೀಕ್ಷೆ. ಹತ್ತು ದಿನದ ವಿಎಆರ್ ಅನ್ನು ವರ್ಷದ 25 ತುಂಡಿನಲ್ಲಿ ಪರೀಕ್ಷೆ ಮಾಡೋದು ಕಷ್ಟ, ತುಂಡುಗಳು ತೀರಾ ಕಡಿಮೆ. ಬದಲಿಗೆ ಒಂದು ದಿನದ್ದನ್ನು ನೋಡಿ. 5,417 × 1.645 = 8,911. ಇದಕ್ಕಿಂತ ಜಾಸ್ತಿ ನಷ್ಟ ಆದ ದಿನ ಎಷ್ಟು ಅಂತ ಎಣಿಸಿ:

```
=COUNTIF(H3:H252,"<-8911")
```

250 ದಿನಕ್ಕೆ 12 ಅಥವಾ 13 ಇರಬೇಕು. 6ರಿಂದ 19ರವರೆಗೆ ಬಂದರೆ ಅದೃಷ್ಟದ ಆಟ ಅಂತ ಬಿಡಬಹುದು. 25 ಬಂದರೆ ಲೆಕ್ಕ ಎಲ್ಲೋ ಸೋತಿದೆ. ನಮ್ಮ ಹಾಳೆಯಲ್ಲಿ 11 ಬಂತು. ಆದರೆ ಇದರಲ್ಲೊಂದು ಮೋಸ ಇದೆ: ಯಾವ ದಿನಗಳಿಂದ 5,417 ತೆಗೆದೆವೋ ಅದೇ ದಿನಗಳ ಮೇಲೆ ಪರೀಕ್ಷೆ ಮಾಡ್ತಾ ಇದ್ದೀವಿ. ಸರಿಯಾಗಿ ಮಾಡಬೇಕಂದ್ರೆ ಎರಡು ವರ್ಷದ ಬೆಲೆ ತಂದು, ಹಳೇ ವರ್ಷದಿಂದ ವಿಎಆರ್ ತೆಗೆದು, ಹೊಸ ವರ್ಷದ ದಿನಗಳಲ್ಲಿ ಎಣಿಸಿ.

ಮೂರನೆಯದೇ ದೊಡ್ಡದು. ದೊಡ್ಡ ಕುಸಿತ ಗಂಟೆ ಆಕಾರದ ಕರ್ವ್ ಹೇಳುವುದಕ್ಕಿಂತ ಜಾಸ್ತಿ ಸಲ ಬರುತ್ತೆ. ಅದರ ಜೊತೆಗೆ ಕೆಟ್ಟ ದಿನಗಳು ಗುಂಪಾಗಿ ಬರ್ತವೆ. 2020ರ ಮಾರ್ಚ್ 6ರಂದು ನಿಫ್ಟಿ 10,989ರಲ್ಲಿ ಮುಗಿದಿತ್ತು. ಸರಿಯಾಗಿ ಹತ್ತು ವಹಿವಾಟಿನ ದಿನ ಕಳೆದು ಮಾರ್ಚ್ 23ರಂದು 7,610. ಶೇ 30ಕ್ಕಿಂತ ಜಾಸ್ತಿ. ಆ ಕೊನೆಯ ಒಂದೇ ದಿನ ಸುಮಾರು ಶೇ 13 ಹೋಯಿತು, ಬೆಳಿಗ್ಗೆ ಶೇ 10 ಬಿದ್ದ ಕೂಡಲೇ ವಹಿವಾಟನ್ನು 45 ನಿಮಿಷ ನಿಲ್ಲಿಸಿದ್ದರು. ನಮ್ಮ ಐದು ಲಕ್ಷಕ್ಕೆ ಆ ಹತ್ತು ದಿನ ಬಂದಿದ್ದರೆ ಒಂದೂವರೆ ಲಕ್ಷ ಹೋಗುತ್ತಿತ್ತು. 28,200 ಅನ್ನುವ ಸಂಖ್ಯೆ ಅದರ ಬಗ್ಗೆ ಒಂದು ಮಾತೂ ಹೇಳಲ್ಲ, ಅದು ಗೆರೆ ಎಲ್ಲಿದೆ ಅಂತ ಮಾತ್ರ ಹೇಳುತ್ತೆ, ಗೆರೆಯ ಆಚೆ ಹಳ್ಳ ಎಷ್ಟು ಆಳ ಅಂತ ಹೇಳಲ್ಲ.

ಇಂಥ ಹೊತ್ತಲ್ಲಿ ಕೋರಿಲೇಷನ್ ಕೂಡ ಕೈ ಕೊಡುತ್ತೆ. ಮಾಮೂಲಿ ದಿನ 0.2, 0.3 ಅಂತ ಇದ್ದ ಷೇರುಗಳು ಗಾಬರಿಯ ದಿನ ಎಲ್ಲ ಒಟ್ಟಿಗೆ ಬೀಳ್ತವೆ. ಅದಕ್ಕೆ ನಾನು ಯಾವಾಗಲೂ ಎರಡನೇ ಲೆಕ್ಕ ಒಂದು ಹಾಕ್ತೀನಿ. ಮೂರೂ ಕೋರಿಲೇಷನ್ 0.7 ಮಾಡಿ. ದಿನದ ಏರಿಳಿತ 5,417 ಇದ್ದದ್ದು 6,492 ಆಗುತ್ತೆ, ವಿಎಆರ್ ಸುಮಾರು 33,800. ಅದರ ಮೇಲೆ ಪ್ರತಿ ಷೇರಿನ ಏರಿಳಿತವನ್ನೂ ಒಂದೂವರೆ ಪಟ್ಟು ಮಾಡಿ. ವಿಎಆರ್ 50,700. 0.7, 1.5 ಎರಡೂ ನಾನೇ ಆರಿಸಿಕೊಂಡ ಸಂಖ್ಯೆಗಳು, 2020ರಂಥ ದಿನಕ್ಕೆ ಅವೂ ಸಾಲಲ್ಲ. ಆದರೆ ಮಾರುಕಟ್ಟೆ ಕೊಂಚ ಕೆಟ್ಟ ಮೂಡಿಗೆ ಹೋದರೆ ಏನಾಗುತ್ತೆ ಅಂತ ನೋಡೋಕೆ ಸಾಕು.

ಮಾರುಕಟ್ಟೆ ಈಗಾಗಲೇ ಕೆಟ್ಟ ಮೂಡಿನಲ್ಲಿ ಇದ್ದರೆ ವರ್ಷದ ಸಾದಾ ಸರಾಸರಿ ಅದನ್ನು ತಡವಾಗಿ ಹಿಡಿಯುತ್ತೆ, ಹೋದ ವಾರದ ದಿನಕ್ಕೂ ಹನ್ನೊಂದು ತಿಂಗಳ ಹಿಂದಿನ ದಿನಕ್ಕೂ ಅದು ಒಂದೇ ತೂಕ ಕೊಡುತ್ತಲ್ಲ. 1994ರಲ್ಲಿ ಜೆ.ಪಿ. ಮಾರ್ಗನ್ ಹೊರತಂದ ರಿಸ್ಕ್‌ಮೆಟ್ರಿಕ್ಸ್‌ನಲ್ಲಿ ಇದಕ್ಕೆ ಸರಳ ಉಪಾಯ ಇತ್ತು. ನಿನ್ನೆಯ ಅಂದಾಜಿನ ವರ್ಗಕ್ಕೆ 0.94 ತೂಕ, ಇವತ್ತಿನ ಬದಲಾವಣೆಯ ವರ್ಗಕ್ಕೆ 0.06. ಶೇ 1.6 ಏರಿಳಿತದ ಷೇರು ಇವತ್ತು ಶೇ 4 ಬಿದ್ದರೆ ನಾಳೆಗೆ ಅಂದಾಜು ಶೇ 1.83ಕ್ಕೆ ಏರುತ್ತೆ. ಕಳೆದ ತಿಂಗಳು ಗಲಾಟೆಯದ್ದಾಗಿದ್ದರೆ ಇದನ್ನು ಬಳಸಿ. ಭಾವನ ಷೇರುಗಳು ಆ ತಿಂಗಳು ಶಾಂತವಾಗಿದ್ದವು, ಹಾಗಾಗಿ ಸಾದಾ ಲೆಕ್ಕವನ್ನೇ ಇಟ್ಟುಕೊಂಡೆ.

ಇನ್ನೊಂದು ಮಾತು, ಸಣ್ಣ ಕಂಪನಿಯ ಷೇರು ಇಟ್ಟುಕೊಂಡವರಿಗೆ. ಶೇ 5ರ ಸರ್ಕ್ಯೂಟ್ ಇರುವ ಷೇರಿನ ಬೆಲೆ ದಿನಕ್ಕೆ ಅಷ್ಟಕ್ಕಿಂತ ಇಳಿಯೋದೇ ಇಲ್ಲ, ಇಳಿಯೋಕೆ ಬಿಡಲ್ಲ. ಬೀಳಬೇಕಾದದ್ದು ದಿನಾ ಶೇ 5ರಂತೆ ಲೋಯರ್ ಸರ್ಕ್ಯೂಟ್‌ನಲ್ಲಿ ಬೀಳ್ತಾ ಹೋಗುತ್ತೆ, ಕೊಳ್ಳುವವರೇ ಇರಲ್ಲ, ಮಾರೋಕೂ ಆಗಲ್ಲ. ಇವತ್ತು ಬಿದ್ದದ್ದು ನಾಳೆಯೂ ಬೀಳುತ್ತೆ ಅಂತ ಆದಾಗ ವರ್ಗಮೂಲದ ನಿಯಮವೇ ಮುರಿದು ಹೋಗುತ್ತೆ. ಹತ್ತು ದಿನದ ನಷ್ಟ 3.16 ಪಟ್ಟಲ್ಲ, ಹತ್ತು ಪಟ್ಟಿನ ಹತ್ತಿರ. ಅಂಥ ಷೇರಿಗೆ ಈ ವಿಧಾನ ಹಾಕಲೇಬೇಡಿ. ಆಪ್ಷನ್ ಇಟ್ಟುಕೊಂಡವರಿಗೂ ಇದು ಆಗಲ್ಲ, ಅದರ ನಷ್ಟ ಷೇರಿನ ಬೆಲೆಯ ಜೊತೆ ನೇರ ಗೆರೆಯಲ್ಲಿ ಹೋಗುವುದಿಲ್ಲ.

ಯಾವುದನ್ನು ಮಾರೋದು

ಎರಡನೇ ಲೆಕ್ಕದ 50,700 ಕಳೆದರೆ ಭಾವನ ಕೈಯಲ್ಲಿ 4,49,300. ರಿಜಿಸ್ಟ್ರೇಷನ್‌ಗೆ 15,700 ಕಡಿಮೆ. "ಸಾಲ ಎತ್ತೋದು ನಂಗೆ ಆಗದ ಮಾತು" ಅಂದರು. ಹಾಗಾದರೆ ಸ್ವಲ್ಪ ಮಾರಲೇಬೇಕು. ಯಾವುದನ್ನು?

ರಿಸ್ಕ್ ಯಾರದ್ದು ಎಷ್ಟು ಅಂತ ಸೂತ್ರದಲ್ಲೇ ಸಿಗುತ್ತೆ. ಪ್ರತಿ ಷೇರಿನ ವರ್ಗವನ್ನೂ, ಅದು ಇರುವ ಜೋಡಿಗಳ ಅರ್ಧವನ್ನೂ ಕೂಡಿ, ಒಟ್ಟಿನಿಂದ ಭಾಗಿಸಿ. ಐಟಿಗೆ 1,02,40,000 ಕೂಡಿಸು 31,36,000 ಕೂಡಿಸು 7,68,000, ಅಂದರೆ 1,41,44,000. 2,93,44,000ದಲ್ಲಿ ಇದು ಶೇ 48. ಬ್ಯಾಂಕಿಗೆ ಶೇ 41. ಸೋಪು-ಬಿಸ್ಕತ್ತಿಗೆ ಶೇ 11 ಮಾತ್ರ. ದುಡ್ಡಿನಲ್ಲಿ ಐಟಿಯ ಪಾಲು ಶೇ 40, ರಿಸ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ.

ಭಾವ ಮೊದಲು ಮಾರಬೇಕು ಅಂದುಕೊಂಡಿದ್ದು ಸೋಪು-ಬಿಸ್ಕತ್ತನ್ನು, ಯಾಕಂದ್ರೆ ಅದೇ ಚಿಕ್ಕದು. ಆ ಒಂದು ಲಕ್ಷ ಪೂರ್ತಿ ಮಾರಿದರೆ ವಿಎಆರ್ 28,200ರಿಂದ 25,700ಕ್ಕೆ ಇಳಿಯುತ್ತೆ. ಅದೇ ಒಂದು ಲಕ್ಷದಷ್ಟು ಐಟಿ ಮಾರಿದರೆ 21,900ಕ್ಕೆ. ಒಂದೇ ಮೊತ್ತದ ಮಾರಾಟ, ಆದರೆ ಇಳಿಕೆ 2,500 ಎಲ್ಲಿ, 6,300 ಎಲ್ಲಿ! ತೆರಿಗೆಯಲ್ಲೂ ಐಟಿಯೇ ಅಗ್ಗ. 60,000 ಲಾಭದಲ್ಲಿ ಐಟಿಯದ್ದು 15,000, ಸೋಪಿನದ್ದು 15,000, ಬ್ಯಾಂಕಿನದ್ದು 30,000. ಎರಡು ಲಕ್ಷದ ಐಟಿಯನ್ನು ಪೂರ್ತಿ ಮಾರಿದರೂ ತೆರಿಗೆ 3,000. ಒಂದು ಲಕ್ಷದ ಸೋಪು ಮಾರಿದರೂ ಅಷ್ಟೇ 3,000.

ಐಟಿ ಪೂರ್ತಿ ಮಾರಿದರೆ ಉಳಿಯೋದು ಬ್ಯಾಂಕಿನ 2,800 ಮತ್ತು ಸೋಪಿನ 1,200. ಎರಡನ್ನೂ 0.30ರ ಜೊತೆ ಸೇರಿಸಿದರೆ ದಿನಕ್ಕೆ 3,361, ಹತ್ತು ದಿನದ ಶೇ 95ರ ವಿಎಆರ್ 17,500. ಕೆಟ್ಟ ಮೂಡಿನ ಲೆಕ್ಕದಲ್ಲಿ, ಅಂದರೆ 0.7 ಮತ್ತು ಒಂದೂವರೆ ಪಟ್ಟು ಹಾಕಿದರೆ, 29,200. ಐದು ಲಕ್ಷದಲ್ಲಿ ತೆರಿಗೆಯ 3,000, ಆಮೇಲೆ ಈ 29,200 ಕಳೆಯಿರಿ. 4,67,800. ಬೇಕಾದದ್ದು 4,65,000. ಐಟಿಯನ್ನು ಅರ್ಧ ಮಾತ್ರ ಮಾರಿದರೆ ಎಷ್ಟು ಅಂತಲೂ ನೋಡಿದೆವು, 4,59,100 ಬಂತು, ಅದು ಸಾಲದು.

ಎಲ್ಲವನ್ನೂ ಆ ದಿನವೇ ಮಾರಿದ್ದರೆ ತೆರಿಗೆ ಕಳೆದು 4,88,000 ಖಚಿತವಾಗಿ ಸಿಗುತ್ತಿತ್ತು, ಅದನ್ನೂ ಅವರ ಮುಂದೆ ಇಟ್ಟೆ. ನನ್ನ ಅಕ್ಕ ಅದೇ ವಾಸಿ ಅಂದಳು. ಭಾವ ಸ್ವಲ್ಪ ಹೊತ್ತು ಹಾಳೆ ನೋಡಿ, ಉಳಿಯುವ 9,000 ತೆರಿಗೆಗೋಸ್ಕರ ಬ್ಯಾಂಕು, ಸೋಪು ಎರಡನ್ನೂ ಇಟ್ಟುಕೊಳ್ತೀನಿ, 2020ರ ಥರ ಆದರೆ ಅಕ್ಕನ ಚಿನ್ನ ಇದೆ ಅಂದರು. ಅಕ್ಕ ಏನೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆದ ಮೇಲೆ ಐಟಿ ಷೇರು ಪೂರ್ತಿ ಮಾರಿದರು. J2ರಲ್ಲಿ 2,00,000 ಇದ್ದಲ್ಲಿ 0 ಬರೆದೆ. ಈಗ ದಿನಾ ಸಂಜೆ ಹೊಸ ಬೆಲೆಯ ಸಾಲು ಸೇರಿಸಿ, SQRT(10) ಇದ್ದಲ್ಲಿ ಉಳಿದ ದಿನಗಳ ಸಂಖ್ಯೆ ಹಾಕಿ, ಬಂದ ವಿಎಆರ್ ಅನ್ನು ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸ್ತಾ ಇದ್ದೀನಿ.